ಕಾಳು ಯಾರ ಪಾಲಾಯಿತು

‘ಮೇಲಿನಂತೆ’ ಎಂಬ ಪದವನ್ನು ನಾನು ಬರೆಯುವುದು ಬಿಟ್ಟು ಬಹಳ ಕಾಲವಾಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಬಂದ ದಿನ ಗುರುತು ಹಾಕುವಾಗಲೂ ಪೂರ್ತಿ ವಾಕ್ಯ ಬರೆಯುತ್ತೇನೆ. ಮಗಳು ನಗುತ್ತಾಳೆ, ಅಮ್ಮನಿಗೆ ಬರೆಯುವ ಕಾಯಿಲೆ ಎನ್ನುತ್ತಾಳೆ. ಕಾಯಿಲೆಯೇ ಇರಬಹುದು. ಅದು ಎಲ್ಲಿ ಅಂಟಿಕೊಂಡಿತು ಅನ್ನುವುದನ್ನು ನಾನು ಅವಳಿಗೆ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲೂಕು. ನಾನು ಗೃಹವಿಜ್ಞಾನ ಓದಿ, ಮೈಸೂರಿನಲ್ಲಿ ಪಥ್ಯಾಹಾರದ ತರಬೇತಿ ಮುಗಿಸಿಕೊಂಡು ಊರಿಗೆ ವಾಪಸು ಬಂದಿದ್ದೆ. ಒಬ್ಬ ಡಾಕ್ಟರು ತಮ್ಮ ಸಣ್ಣ ನರ್ಸಿಂಗ್ ಹೋಮಿನಲ್ಲಿ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಊಟದ ಬಗ್ಗೆ ಹೇಳೋದಕ್ಕೂ ಸಂಬಳ ಕೊಡ್ತಾರಾ ಎಂದು ನಮ್ಮ ಬೀದಿಯವರು ಆಡಿಕೊಂಡರು. ನನಗೋ ವಿಪರೀತ ಜಂಬ. ಬಿಳಿ ಕೋಟು, ಜೇಬಿನಲ್ಲಿ ಟೇಪು, ಕೈಯಲ್ಲಿ ನಾನೇ ಗೆರೆ ಎಳೆದು ಮಾಡಿದ ರಟ್ಟಿನ ಕಾರ್ಡುಗಳು.

ಗುರುವಾರ ಗುರುವಾರ ಡಾಕ್ಟರು ಗುಂಡ್ಲುಪೇಟೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಒಂದು ಔಷಧಿ ಅಂಗಡಿಯ ಹಿಂಭಾಗದಲ್ಲಿ ಎರಡು ಕೋಣೆ. ಒಳಗಿನದು ಅವರದು, ಹೊರಗಿನದು ನನ್ನದು. ರಸ್ತೆಯಲ್ಲಿ ಕೇರಳದ ಲಾರಿಗಳು ಹೋದಾಗಲೆಲ್ಲ ನನ್ನ ತೂಕದ ಯಂತ್ರದ ಮುಳ್ಳು ನಡುಗುತ್ತಿತ್ತು. ಅದು ನಿಲ್ಲುವವರೆಗೆ ಕಾದು ಬರೆದುಕೊಳ್ಳುತ್ತಿದ್ದೆ. ಅಷ್ಟು ಶಿಸ್ತಿನವಳು ನಾನು.

ಹತ್ತಿರದ ಹಳ್ಳಿ ಹಂಗಳದ ಒಬ್ಬ ತಾಯಿ ಮೊದಲು ಬಂದದ್ದು ಅಲ್ಲಿಗೇ. ನಲವತ್ತೆಂಟು ವರ್ಷ ಇರಬಹುದು ಎಂದು ಅವರೇ ಅಂದಾಜು ಹೇಳಿದರು. ಐದಡಿ ಎತ್ತರ, ಎಂಬತ್ತೆಂಟು ಕಿಲೋ. ಹೊಕ್ಕುಳಿನ ಹತ್ತಿರ ಕರುಳು ಹೊರಗೆ ತಳ್ಳಿ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಮೈಸೂರಿನ ಸರ್ಜನ್ನು ನೋಡಿ, ಇಷ್ಟು ಬೊಜ್ಜಿನ ಮೇಲೆ ಹೊಲಿಗೆ ಹಾಕಿದರೆ ನಿಲ್ಲುವುದಿಲ್ಲ, ಹತ್ತು ಹನ್ನೆರಡು ಕಿಲೋ ಇಳಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದ್ದರು. ಉಬ್ಬು ಆಗಾಗ ನೋಯುತ್ತಿತ್ತು. ಯಾವತ್ತಾದರೂ ಕರುಳು ಅಲ್ಲೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಅನ್ನುವುದನ್ನೂ ಅವರಿಗೆ ಹೇಳಿದ್ದರು. ಹೀಗಾಗಿ ತೂಕ ಇಳಿಸುವುದು ಅವರಿಗೆ ಚೆಂದ ಕಾಣುವ ವಿಷಯವಾಗಿರಲಿಲ್ಲ.

ಆಗ ಹಸಿವು ಕಡಿಮೆ ಮಾಡುವ ಮಾತ್ರೆಯೊಂದು ಬಳಕೆಯಲ್ಲಿತ್ತು. ಕೆಲವು ವರ್ಷಗಳ ಮೇಲೆ ಅದು ಹೃದಯದ ಕವಾಟಕ್ಕೆ ಕೆಟ್ಟದ್ದು ಎಂದು ಗೊತ್ತಾಗಿ ಅಂಗಡಿಗಳಿಂದ ಮಾಯವಾಯಿತು. ಆಗ ನಮಗದು ಗೊತ್ತಿರಲಿಲ್ಲ. ಡಾಕ್ಟರು ಆ ಮಾತ್ರೆಯನ್ನು ಎಲ್ಲರಿಗೂ ಕೊಡುತ್ತಿರಲಿಲ್ಲ. ಕೊಟ್ಟವರನ್ನು ಮಾತ್ರ ನನ್ನ ಕಾರ್ಡಿಗೆ ಹಚ್ಚುತ್ತಿದ್ದರು.

“ತೂಕ ಇಳಿಸೋ ಕೆಲಸ ಮಾತ್ರೆ ಮಾಡುತ್ತಮ್ಮ,” ಎಂದು ಮೊದಲ ದಿನವೇ ನನಗೆ ಹೇಳಿದ್ದರು. “ಇಳಿದದ್ದು ಕೊಬ್ಬೋ ಖಂಡವೋ ಅಂತ ಮಾತ್ರೆಗೆ ಗೊತ್ತಾಗಲ್ಲ. ಅದನ್ನ ನೋಡೋದು ನಿಮ್ಮ ಕೆಲಸ. ನೋಡಿದ್ದನ್ನ ಬರೆಯೋದೂ ನಿಮ್ಮ ಕೆಲಸ.”

ಹಸಿವಿಲ್ಲದವರು ಕಡಿಮೆ ತಿನ್ನುತ್ತಾರೆ. ಕಡಿಮೆ ತಿನ್ನುವಾಗ ಮೊದಲು ತಟ್ಟೆಯಿಂದ ಬಿಟ್ಟುಹೋಗುವುದು ಕಾಳು, ಹಾಲು, ಬೇಳೆ. ಆಗ ದೇಹ ತನಗೆ ಬೇಕಾದ ಪ್ರೋಟೀನನ್ನು ತನ್ನದೇ ತೋಳು ತೊಡೆಗಳಿಂದ ಕಿತ್ತುಕೊಳ್ಳುತ್ತದೆ. ತಕ್ಕಡಿಯ ಮುಳ್ಳು ಮಾತ್ರ ಖುಷಿಯಾಗಿ ಕೆಳಗಿಳಿಯುತ್ತಿರುತ್ತದೆ. ಅದಕ್ಕೇ ನನ್ನ ಕಾರ್ಡಿನಲ್ಲಿ ತೂಕದ ಪಕ್ಕದಲ್ಲಿ ಇನ್ನೂ ನಾಲ್ಕು ಮನೆಗಳಿದ್ದವು. ದಿನಕ್ಕೆ ತಿಂದ ಪ್ರೋಟೀನು. ತೋಳಿನ ಖಂಡದ ಅಳತೆ. ಕೈಯ ಬಲ. ಕುರ್ಚಿಯಿಂದ ಕೈ ಊರದೆ ಐದು ಸಲ ಏಳಲು ಹಿಡಿದ ಹೊತ್ತು.

ಕೈಯ ಬಲ ನೋಡಲು ನಮ್ಮಲ್ಲಿ ಬೇರೆ ಯಂತ್ರವಿರಲಿಲ್ಲ. ಬಿಪಿ ನೋಡುವ ಪಟ್ಟಿಯನ್ನೇ ಸುರುಳಿ ಸುತ್ತಿ, ಪಾದರಸ ಇಪ್ಪತ್ತಕ್ಕೆ ಬರುವಷ್ಟು ಗಾಳಿ ತುಂಬಿ, ಹಿಂಡಿ ಅನ್ನುತ್ತಿದ್ದೆ. ಪಾದರಸ ಎಲ್ಲಿಯವರೆಗೆ ಏರುತ್ತದೋ ಅದೇ ಲೆಕ್ಕ. ಆ ತಾಯಿ ಮೊದಲ ದಿನ ಹಿಂಡಿದಾಗ ಪಾದರಸ ಇನ್ನೂರ ಹತ್ತಕ್ಕೆ ಹಾರಿತು. ಎರಡು ಹಸು ಕರೆಯುವ ಕೈ ಅದು.

“ಗಂಡುಸ್ರಿಗೆ ಎಷ್ಟು ಬತ್ತದೆ ಮೇಡಮ್ಮ?” ಎಂದು ಕೇಳಿದರು. ನಾನು ಹೊರಗೆ ಕೂತಿದ್ದ ಅವರ ಯಜಮಾನರನ್ನು ಕರೆದು ಹಿಂಡಿಸಿದೆ. ಇನ್ನೂರ ಮೂವತ್ತು ಬಂತು.

“ಇಪ್ಪತ್ತೇಯಾ ಜಾಸ್ತಿ? ಮನೇಲಿ ಇರ್ಲಿ ನಿನ್ ಜೋರು,” ಎಂದು ಗಂಡನಿಗೆ ಹೇಳಿ ನಕ್ಕರು. ಅಂದಿನಿಂದ ಪ್ರತಿ ಸಲವೂ ತಮ್ಮ ನಂಬರು ಕೇಳದೆ ಹೋಗುತ್ತಿರಲಿಲ್ಲ.

ಊಟದ ವಿಚಾರಣೆ ನಾನೇ ಕೂತು ಮಾಡಿದೆ. ಅವರದು ಮೊಟ್ಟೆ, ಮಾಂಸ ಮುಟ್ಟದ ಮನೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹಾಕಿದ್ದನ್ನೆಲ್ಲ ಕೇಳಿದೆ, ಬಟ್ಟಲುಗಳನ್ನು ಮುಂದಿಟ್ಟು ಇದರಲ್ಲಿ ಎಷ್ಟು ಎಂದು ತೋರಿಸಿಕೊಂಡೆ. ಮಾತ್ರೆ ಶುರುವಾದ ಮೇಲೆ ಅವರ ಎತ್ತರಕ್ಕೆ ತಕ್ಕ ತೂಕ ಹಿಡಿದು ಲೆಕ್ಕ ಹಾಕಿದರೆ ದಿನಕ್ಕೆ ಅರವತ್ತು ಗ್ರಾಮಿನ ಮೇಲೆ ಪ್ರೋಟೀನು ಬೇಕಿತ್ತು. ಹುರುಳಿ ದಿನಾ ಎರಡು ಹೊತ್ತು ತಿನ್ನಬೇಕು, ಹಾಲು ಅರ್ಧ ಲೀಟರು ಕುಡಿಯಬೇಕು, ಮಧ್ಯಾಹ್ನ ಒಂದು ಹಿಡಿ ಕಡಲೆಕಾಯಿ ಎಂದು ಬರೆದುಕೊಟ್ಟೆ. ಅವರಿಗೆ ಓದಲು ಬಾರದು, ಸೊಸೆಗೆ ಬರುತ್ತಿತ್ತು.

ನಾಲ್ಕನೇ ವಾರ ಬಂದರು. ನಾಲ್ಕು ಕಿಲೋ ಇಳಿದಿತ್ತು. ಕೈಬಲ ಇನ್ನೂರು. ಹೆಚ್ಚೇನೂ ವ್ಯತ್ಯಾಸವಿಲ್ಲ.

“ಹುರುಳಿ ತಿಂತಿದ್ದೀರಾ?”

“ದಿನಾ ಎರಡೊತ್ತೂ ಉರುಳಿ ಸಾರೇ ಕಣವ್ವ. ಎರಡು ಬಟ್ಲು ಕುಡೀತೀನಿ. ಮುದ್ದೆ ಸೇರಲ್ಲ, ಸಾರಾದ್ರೆ ಇಳೀತದೆ.”

‘ಹುರುಳಿ, ಎರಡು ಬಟ್ಟಲು’ ಎಂದು ಬರೆದುಕೊಂಡೆ. ಪುಸ್ತಕದ ಪಟ್ಟಿ ನೋಡಿ ಅದಕ್ಕೆ ಹದಿಮೂರು ಗ್ರಾಮು ಪ್ರೋಟೀನು ಹಾಕಿದೆ. ಹಾಲು, ಮೊಸರು, ರಾಗಿ, ಕಡಲೆಕಾಯಿ ಎಲ್ಲ ಕೂಡಿಸಿದರೆ ಅರವತ್ತರ ಹತ್ತಿರ ಬಂತು. ಅಡಿಗೆ ಗೆರೆ ಎಳೆದೆ. ನಾನು ಬೆಳೆದ ಮನೆಯಲ್ಲಿ ಹುರುಳಿ ಸಾರು ಎಂದರೆ ಬೆಂದ ಕಾಳನ್ನು ಒರಳಿನಲ್ಲಿ ಅರೆದು ಹಾಕಿದ ಗಟ್ಟಿ ಸಾರು. ಮೇಷ್ಟರ ಮನೆ, ಎತ್ತಿಲ್ಲ, ಗಾಡಿಯಿಲ್ಲ. ಸಾರು ಎಂಬುದಕ್ಕೆ ಇನ್ನೊಂದು ಅರ್ಥ ಇರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎಂಟನೇ ವಾರದ ಗುರುವಾರ ಗುಂಡ್ಲುಪೇಟೆಯಲ್ಲಿ ಸಂತೆಯೋ ಮದುವೆಯೋ, ಜನವೋ ಜನ. ಬಿಪಿ ಪೆಟ್ಟಿಗೆ ಡಾಕ್ಟರ ಕೋಣೆಯಲ್ಲಿತ್ತು, ಒಬ್ಬರಾದ ಮೇಲೊಬ್ಬರಿಗೆ ಬೇಕಾಗುತ್ತಿತ್ತು. ತಾಯಿ ಬಂದಾಗ ನಾಲ್ಕೂವರೆ. ಮೈತುಂಬ ಸ್ವೆಟರ್ ಹಾಕಿಕೊಂಡಿದ್ದರು, ಒಳಗೆ ಬಿಗಿಯಾದ ರವಿಕೆ. ತೋಳು ಅಳೆಯಬೇಕಾದರೆ ಪರದೆ ಎಳೆದು ಅದನ್ನೆಲ್ಲ ಬಿಚ್ಚಿಸಬೇಕು. ಐದು ಗಂಟೆಯ ಬಸ್ಸು ತಪ್ಪಿದರೆ ಚಾಮರಾಜನಗರಕ್ಕೆ ಮುಂದಿನದು ಯಾವಾಗಲೋ.

ತೂಕ ನೋಡಿದೆ. ಎಪ್ಪತ್ತೊಂಬತ್ತು. ಪಕ್ಕದಲ್ಲಿದ್ದ ಹೆಂಗಸರು ಅಯ್ಯೋ, ಎಷ್ಟು ಕರಗಿದ್ದೀರಿ ಎಂದರು. ಅವರ ಮುಖ ಅರಳಿತು.

“ಇವತ್ತು ಪಟ್ಟಿ ಇಂಡಾದಿಲ್ವಾ?” ಎಂದು ಕೇಳಿದರು.

“ಮುಂದಿನ ಸಲ ನೋಡೋಣಮ್ಮ. ಚೆನ್ನಾಗೇ ಇದ್ದೀರಲ್ಲ.”

“ಇದ್ದೀನಿ. ಒಸಿ ಕೈ ಸೋತೋಯ್ತದೆ. ಅಸ ಕರಿಯಾಕೆ ಈಗ ಸೊಸೇನೇ ಕೂತ್ಕೋತಾಳೆ.”

“ಊಟ ಕಡಿಮೆಯಾಗಿದೆಯಲ್ಲ, ಸುಸ್ತು ಇದ್ದೇ ಇರುತ್ತೆ,” ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತು ಎಂಬುದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಹಸು ಕರೆಯುವವಳು ಕರೆಯಲಾರೆ ಎಂದದ್ದು ಯಾವ ಪಾದರಸಕ್ಕಿಂತಲೂ ಸರಿಯಾದ ಅಳತೆ. ಅದನ್ನು ನಾನು ಕೇಳಿಸಿಕೊಂಡೆ, ಬರೆಯಲಿಲ್ಲ. ತೋಳು, ಕೈಬಲ, ಕುರ್ಚಿ, ಮೂರು ಮನೆಗಳಲ್ಲೂ ‘ಮೇಲಿನಂತೆ’ ಎಂದು ಬರೆದು ಬಸ್ಸು ಹಿಡಿದೆ. ತೆರಕಣಾಂಬಿ ದಾಟುವವರೆಗೂ ಸೀಟು ಸಿಕ್ಕಿದ್ದಕ್ಕೆ ಖುಷಿಯಾಗಿದ್ದೆ.

ಹತ್ತನೇ ವಾರವೂ ಹಾಗೇ ಆಯಿತು. ಆ ಸಲ ಜನವೇನೂ ಇರಲಿಲ್ಲ, ಬಸ್ಸಿಗೂ ಹೊತ್ತಿತ್ತು. ಪಟ್ಟಿಯ ರಬ್ಬರಿನಿಂದ ಗಾಳಿ ಸೋರುತ್ತಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸೋರುತ್ತಿದ್ದದ್ದು ನಿಜ. ಆದರೆ ಟೇಪು ಸೋರುತ್ತಿರಲಿಲ್ಲ, ಕುರ್ಚಿಯೂ ಸೋರುತ್ತಿರಲಿಲ್ಲ. ಒಂದು ಸಲ ‘ಮೇಲಿನಂತೆ’ ಎಂದು ಬರೆದ ಮೇಲೆ ಎರಡನೆಯದಕ್ಕೆ ಕೈ ತಾನೇ ಹೋಯಿತು, ನಿಜ ಅಷ್ಟೇ. ಡಾಕ್ಟರು ಕಾರ್ಡು ನೋಡಿದರು. ತೂಕ ಎಪ್ಪತ್ತಾರೂವರೆ, ಪ್ರೋಟೀನು ಅರವತ್ತು, ಖಂಡ ಹಾಗೇ ಇದೆ, ಬಲ ಹಾಗೇ ಇದೆ. “ಭೇಷ್” ಎಂದು ಮೈಸೂರಿಗೆ ಪತ್ರ ಬರೆದರು. ಸರ್ಜನ್ನು ಹದಿನಾಲ್ಕನೇ ವಾರಕ್ಕೆ ದಿನ ಕೊಟ್ಟರು.

ಹನ್ನೆರಡನೇ ವಾರ ತಾಯಿ ಬರಲಿಲ್ಲ. ಸರ್ಜನ್ನರ ಪತ್ರ ಅವರಿಗೆ ತಲುಪಿಸಬೇಕಿತ್ತು. ಡಾಕ್ಟರು ಅಂದು ಬೇಗ ಮುಗಿಸಿ ಕಾರಿನಲ್ಲಿ ಹೊರಟರು. ನಾನು ಬಿಪಿ ಪೆಟ್ಟಿಗೆಯನ್ನೂ ಚೀಲವನ್ನೂ ಹೊತ್ತುಕೊಂಡು ಹಂಗಳದ ಬಸ್ಸು ಹತ್ತಿದೆ. ಪಟ್ಟಿಗೆ ಆ ವಾರವಷ್ಟೇ ಹೊಸ ರಬ್ಬರು ಹಾಕಿಸಿದ್ದೆವು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು, ಆದರೂ ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು.

ಅವರ ಮನೆ ಊರಿನ ತುದಿಗೆ. ಅಂಗಳದಲ್ಲಿ ಸೊಸೆ ಮೂರು ಕಲ್ಲಿನ ಒಲೆಯಿಂದ ದೊಡ್ಡ ಪಾತ್ರೆ ಇಳಿಸುತ್ತಿದ್ದಳು. ನನ್ನನ್ನು ನೋಡಿ, “ಅತ್ತೆ ಒಳಗವ್ರೆ ಬನ್ನಿ ಮೇಡಂ,” ಎಂದಳು. ನಾನು ಒಳಗೆ ಹೋಗದೆ ಅಲ್ಲೇ ನಿಂತೆ. ಅವಳು ಪಾತ್ರೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು ಹುರುಳಿ ಬೇಯಿಸಿದ ನೀರನ್ನು ಇನ್ನೊಂದು ಪಾತ್ರೆಗೆ ಬಸಿದಳು. ಕೆಂಪಗೆ, ಘಮಘಮ ಅನ್ನುವ ಕಟ್ಟು. ಆಮೇಲೆ ಉಳಿದ ಕಾಳನ್ನು, ಹಬೆಯಾಡುವ ಅಷ್ಟೂ ಕಾಳನ್ನು, ಹೊತ್ತುಕೊಂಡು ಹೋಗಿ ಎತ್ತುಗಳ ಮುಂದಿನ ಕಲ್ಲುಬಾನಿಗೆ ಸುರಿದಳು.

“ಅದು... ಎತ್ತಿಗಾ?” ಎಂದು ಕೇಳಿದೆ.

“ಊಂ ಮೇಡಂ, ಉಳೋ ಆರಂಬದ ಕಾಲ ಅಲ್ವಾ. ದಿನಾ ಎರಡೊತ್ತೂ ಬೇಯಿಸ್ಲೇಬೇಕು. ಕಟ್ಟು ನಮ್ಗೆ, ಕಾಳು ಅವಕ್ಕೆ.”

“ಅತ್ತೆಗೆ ಕಾಳು ಹಾಕಲ್ವಾ?”

“ನೀವು ಉರುಳಿ ಸಾರು ಅಂತ ತಾನೇ ಬರ್ದಿದ್ದು? ಅದ್ನೇ ಕೊಡ್ತಾ ಇವ್ನಿ. ಕಾಳು ತಿಂದ್ರೆ ವಾಯು ಅಂತಾರೆ, ಅವ್ರೂ ಕೇಳಾದಿಲ್ಲ.”

ನಾನು ಬರೆದದ್ದು ಸಾರು ಎಂದಲ್ಲ, ಹುರುಳಿ ಎಂದು. ಆದರೆ ಆ ಮನೆಯಲ್ಲಿ ಎರಡೂ ಒಂದೇ. ಹುರುಳಿ ಎಂದರೆ ಮನುಷ್ಯರಿಗೆ ಕಟ್ಟು. ನನ್ನ ಹದಿಮೂರು ಗ್ರಾಮಿನಲ್ಲಿ ಎರಡೋ ಮೂರೋ ಅವರ ಹೊಟ್ಟೆಗೆ ಹೋಗಿರಬೇಕು, ಮಿಕ್ಕದ್ದೆಲ್ಲ ಎತ್ತುಗಳ ಪಾಲಾಗಿತ್ತು. ಹಾಲಿನ ಬಗ್ಗೆ ಕೇಳಿದೆ. ಹಸುವೊಂದು ಬತ್ತಿದ ಮೇಲೆ ಇದ್ದ ಹಾಲು ಡೈರಿಗೂ ಮೊಮ್ಮಗುವಿಗೂ ಹೋಗುತ್ತಿತ್ತು. ಕಡಲೆಕಾಯಿ ತಂದಿಟ್ಟದ್ದು ಹಾಗೇ ಇತ್ತು, ಅಗಿಯಲು ಮನಸ್ಸಿಲ್ಲ. ಅಲ್ಲೇ ನಿಂತು ಮನಸ್ಸಿನಲ್ಲೇ ಕೂಡಿಸಿದೆ. ಇಪ್ಪತ್ತೈದು ಮುಟ್ಟಿದರೆ ಹೆಚ್ಚು. ಹತ್ತಿರ ಹತ್ತಿರ ಮೂರು ತಿಂಗಳು.

ತಾಯಿ ಒಳಗೆ ಚಾಪೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು. ಒಂದು ಕೈ ನೆಲಕ್ಕೆ ಊರಿದರು, ಇನ್ನೊಂದು ಕೈಯಿಂದ ಕಂಬ ಹಿಡಿದರು, ಆಮೇಲೆ ಅರ್ಧ ಎದ್ದವರು ಹಾಗೇ ನಿಂತರು.

“ಬಸ್ಸಿಗೆ ಓಗಾಕೆ ಆಗ್ನಿಲ್ಲ ಮೇಡಮ್ಮ ಇವತ್ತು. ಕಾಲು ಏಳಲ್ಲ ಅಂತವೆ. ತೂಕ ಇನ್ನೂ ಇಳ್ದದೆ ಬುಡಿ,” ಎಂದು ನಕ್ಕರು.

ಬಾಗಿಲು ಹಾಕಿ ರವಿಕೆಯ ತೋಳು ಸರಿಸಿ ಅಳೆದೆ. ತೋಳಿನ ಸುತ್ತಳತೆಯಲ್ಲಿ ಚರ್ಮದಡಿಯ ಕೊಬ್ಬಿನ ಪಾಲು ಕಳೆದರೆ ಉಳಿಯುವುದೇ ಖಂಡದ ಅಳತೆ. ಮೊದಲ ದಿನ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಇದ್ದದ್ದು ಇಪ್ಪತ್ತೆರಡಕ್ಕೂ ಕೆಳಗೆ ಬಂದಿತ್ತು. ಮನೆಯ ಮರದ ಕುರ್ಚಿಯ ಮೇಲೆ ಕೂರಿಸಿ ಕೈ ಊರದೆ ಏಳಿ ಎಂದೆ. ಎರಡು ಸಲ ಎದ್ದರು, ಮೂರನೆಯದಕ್ಕೆ ಆಗಲಿಲ್ಲ. ಕೊನೆಗೆ ಪಟ್ಟಿ ಕೈಗೆ ಕೊಟ್ಟೆ. ಹಲ್ಲು ಕಚ್ಚಿ ಹಿಂಡಿದರು. ಪಾದರಸ ನೂರ ಮೂವತ್ತಕ್ಕೆ ಹೋಗಿ ನಿಂತಿತು.

“ಎಷ್ಟು?” ಎಂದರು.

ಹೇಳಿದೆ. ಅವರು ತಮ್ಮ ಅಂಗೈಯನ್ನು ಅದು ಬೇರೆ ಯಾರದೋ ಎಂಬ ಹಾಗೆ ತಿರುಗಿಸಿ ನೋಡಿಕೊಂಡರು.

ವಾಪಸು ಬಸ್ಸಿನಲ್ಲಿ ಕಾರ್ಡು ತೊಡೆಯ ಮೇಲಿತ್ತು, ಪೆನ್ನು ಕೈಯಲ್ಲಿತ್ತು. ಎರಡು ‘ಮೇಲಿನಂತೆ’ಗಳನ್ನು ಹೊಡೆದುಹಾಕಿ ನೂರ ಎಂಬತ್ತು, ನೂರ ಐವತ್ತು ಎಂದು ಬರೆದುಬಿಟ್ಟರೆ ಆಯಿತು. ಮೆಟ್ಟಿಲು ಇಳಿದ ಹಾಗೆ ಅಂಕಿಗಳು ಇಳಿಯುತ್ತವೆ, ನೋಡಿದವರಿಗೆ ಈ ಪಥ್ಯದವಳು ಗಮನಿಸುತ್ತಿದ್ದಳು ಅನಿಸುತ್ತದೆ. ಸತ್ಯಕ್ಕೂ ಅದು ದೂರವೇನಿರಲಿಲ್ಲ, ಅವರ ಬಲ ಹಾಗೆಯೇ ಇಳಿದಿರಬೇಕು. ಒಂದು ಅಂಕಿಯ ಮೊದಲ ಗೆರೆ ಎಳೆದೂಬಿಟ್ಟೆ. ಪಕ್ಕದಲ್ಲಿ ಕೂತ ಮುದುಕ, “ಬಸ್ನಾಗೆ ಬರೀಬ್ಯಾಡ ಕಣವ್ವ, ತಲೆ ತಿರುಗ್ತದೆ,” ಎಂದ. ಪೆನ್ನು ಮುಚ್ಚಿದೆ. ನನ್ನನ್ನು ತಡೆದದ್ದು ನನ್ನ ಪ್ರಾಮಾಣಿಕತೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಡಾಕ್ಟರ ಮುಂದೆ ಕಾರ್ಡಿಟ್ಟು ಎಲ್ಲ ಹೇಳಿದೆ. ಕಟ್ಟು, ಕಾಳು, ಎತ್ತು, ಎರಡು ಸಲ ಅಳೆಯದೇ ಬರೆದದ್ದು. ಬೈಯುತ್ತಾರೆ ಎಂದು ಕಾದೆ. ಅವರು ಕಾರ್ಡಿನ ಆ ಎರಡು ಸಾಲುಗಳ ಮೇಲೆ ಬೆರಳಿಟ್ಟರು.

“ಅಳೆದಿಲ್ಲ ಅಂತ ಖಾಲಿ ಬಿಟ್ಟಿದ್ರೆ ನಾನು ಕೇಳ್ತಿದ್ದೆ,” ಎಂದರು. ಅಷ್ಟೇ.

ಅಂದೇ ಮೈಸೂರಿಗೆ ಫೋನು ಮಾಡಿ ಆಪರೇಷನ್ನಿನ ದಿನ ಮುಂದೂಡಿದರು. ಇಷ್ಟು ಖಂಡ ಕಳೆದುಕೊಂಡವರಿಗೆ ಗಾಯ ಬೇಗ ಕೂಡುವುದಿಲ್ಲ, ಉಸಿರಿನ ಸ್ನಾಯುಗಳೂ ಸೋತಿರುತ್ತವೆ, ಆಪರೇಷನ್ ಆದ ಮೇಲೆ ಕೆಮ್ಮಿ ಕಫ ತೆಗೆಯಲಾಗದಿದ್ದರೆ ನ್ಯುಮೋನಿಯಾ ಹಿಡಿಯುತ್ತದೆ ಎಂದು ವಿವರಿಸಿದರು. ಮಾತ್ರೆ ನಿಲ್ಲಿಸಿದೆವು. ಎರಡು ತಿಂಗಳು ಚೆನ್ನಾಗಿ ತಿನ್ನಿಸಿ, ಬಲ ಬಂದ ಮೇಲೆ ಆಪರೇಷನ್ ಎಂದು ತೀರ್ಮಾನವಾಯಿತು. ಅದು ಸರಿಯಾದ ತೀರ್ಮಾನ ಎಂದು ಈಗಲೂ ನಂಬಿದ್ದೇನೆ. ನಂಬದಿದ್ದರೆ ಬದುಕುವುದು ಕಷ್ಟ.

ಅದನ್ನು ತಾಯಿಗೆ ಹೇಳಲು ನಾನೇ ಹೋದೆ. ಅವರಿಗೆ ನಿರಾಸೆಯಾಯಿತು. “ಮನ್ಸು ಗಟ್ಟಿ ಮಾಡ್ಕಂಡಿದ್ದೆ ಕಣವ್ವ, ಈಗ ಮತ್ತೆ ಕಾಯ್ಬೇಕಾ?” ಎಂದರು. ನನ್ನ ತಪ್ಪು ಎಂದು ಹೇಳಬೇಕೆಂದೇ ಬಾಯಿ ತೆರೆದೆ. “ಊಟ ಸಾಲ್ದಾಗಿದೆಯಮ್ಮ” ಎಂದಷ್ಟೇ ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ನಾನು ಮಾತ್ರ ಇರಲಿಲ್ಲ.

ಆಮೇಲೆ ವಾರಕ್ಕೆರಡು ಸಲ ಹಂಗಳಕ್ಕೆ ಹೋದೆ. ಎದುರಿಗೆ ಕೂತು ತಿನ್ನಿಸಿದೆ. ಬೆಂದ ಕಾಳನ್ನು ಮೊದಲು ಅವರ ತಟ್ಟೆಗೆ, ಈರುಳ್ಳಿ ಕಾಯಿತುರಿ ಹಾಕಿ. ಒಂದೇ ಸಲ ಸೇರದು ಎಂದು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದು ಸಲ. ಹುರಿಗಡಲೆ ಪುಡಿ ಮಾಡಿ ಹಾಲಿಗೆ ಕಲಸಿ. ಅಲಸಂದೆ, ಮೊಸರು. “ಎತ್ತಿಗೆ ಏನ್ ಆಕಾದು?” ಎಂದು ಯಜಮಾನರು ಗೊಣಗಿದರು, ಆದರೆ ಮಾರನೇ ದಿನವೇ ಬೇಗೂರಿನಿಂದ ಇನ್ನೊಂದು ಮೂಟೆ ಹುರುಳಿ ಇಳಿಯಿತು. ಹೊಕ್ಕುಳಿನ ಮೇಲೆ ಒತ್ತಡ ಬೀಳದ ಹಾಗೆ, ಕುರ್ಚಿಯಿಂದ ಕೂತು ಏಳುವುದು, ಅರ್ಧ ಚೊಂಬು ನೀರು ಹಿಡಿದು ತೋಳು ಮಡಿಸುವುದು, ದಿನಾ ಎರಡು ಹೊತ್ತು. ಎಲ್ಲವನ್ನೂ ಬರೆದೆ. ತಟ್ಟೆಯಲ್ಲಿ ಉಳಿಸಿದ ಕಾಳನ್ನೂ ತೂಗಿ ಬರೆದೆ. ಐದನೇ ವಾರಕ್ಕೆ ಪಾದರಸ ನೂರ ಐವತ್ತೈದಕ್ಕೆ ಏರಿತು. ಆ ದಿನ ಅವರು ನನ್ನ ಗಲ್ಲ ಸವರಿ ನೆಟಿಗೆ ತೆಗೆದರು.

ಅದಾದ ನಾಲ್ಕೇ ದಿನಕ್ಕೆ ಹೊಕ್ಕುಳಿನ ಉಬ್ಬು ಕಲ್ಲಿನ ಹಾಗಾಯಿತು. ಭಾರವೇನೂ ಎತ್ತಿರಲಿಲ್ಲ. ಬೆಳಿಗ್ಗೆ ಜೋರಾಗಿ ಸೀನಿದರಂತೆ. ವಾಂತಿ ಶುರುವಾಯಿತು. ಕರುಳು ಸಿಕ್ಕಿಕೊಂಡಿತ್ತು. ಅರಿಸಿನ ಸಾಗಿಸುವ ವ್ಯಾನಿನಲ್ಲಿ ಮಲಗಿಸಿಕೊಂಡು ಮೈಸೂರಿನ ನರ್ಸಿಂಗ್ ಹೋಮಿಗೆ ಒಯ್ದರು. ಕಾಯುವ ಪ್ರಶ್ನೆಯೇ ಇರಲಿಲ್ಲ, ಅಂದೇ ಆಪರೇಷನ್ ಆಯಿತು. ಒಂದು ತುಂಡು ಕರುಳು ಕಪ್ಪಾಗಿತ್ತು, ಕತ್ತರಿಸಿ ತೆಗೆದರು. ಸರ್ಜನ್ನು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದರು.

ಎಂಟನೇ ವಾರವೇ ನಾನು ಪಟ್ಟಿ ಕೈಗೆ ಕೊಟ್ಟಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಆಗಲೇ ಕಾಳು ತಟ್ಟೆಗೆ ಬರುತ್ತಿತ್ತು, ಮೊದಲು ಕೊಟ್ಟ ದಿನಕ್ಕೇ ಬಲವಾದ ಮೈಯಲ್ಲಿ ಆಪರೇಷನ್ ಮುಗಿದಿರುತ್ತಿತ್ತು. ಹೀಗೆ ನಾನು ಲೆಕ್ಕ ಹಾಕುತ್ತೇನೆ. ಹಾಗೆ ಯಾರಿಂದಲೂ ಹೇಳಲಾಗುವುದಿಲ್ಲ ಎಂದು ಡಾಕ್ಟರು ಒಮ್ಮೆ ಹೇಳಿದರು. ಅವರು ಒಳ್ಳೆಯವರು, ಅದಕ್ಕೇ ನಂಬಲಾಗಲಿಲ್ಲ.

ನಾಲ್ಕನೇ ದಿನ ನೋಡಲು ಹೋದೆ. ಬಾಯಿಗೆ ಇನ್ನೂ ಏನೂ ಕೊಡುತ್ತಿರಲಿಲ್ಲ, ಬರಿಯ ಡ್ರಿಪ್ಪು. ಕಂಬಳಿಯ ಮೇಲೆ ಅವರ ಕೈ ಇತ್ತು. ಎದೆಯಲ್ಲಿ ಕಫ ಗೊರಗೊರ ಅನ್ನುತ್ತಿತ್ತು. ನರ್ಸು ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿ ಎಂದಳು. ಅವರು ಕೆಮ್ಮಿದರು. ಗಂಟಲಿನಿಂದ ಗಾಳಿ ಮಾತ್ರ ಬಂತು. ಸೊಸೆ ಮಂಚದ ಕಾಲ ಬಳಿ ನಿಂತು ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು.

ನನ್ನನ್ನು ಗುರುತು ಹಿಡಿದರು. “ಇಂಡನಾ?” ಎಂದರು.

ಬೇಡ ಎನ್ನಬಹುದಿತ್ತು. ವಾರ್ಡಿನ ಬಿಪಿ ಪೆಟ್ಟಿಗೆ ಕೇಳಿ ತಂದೆ, ಸುರುಳಿ ಸುತ್ತಿದೆ, ಇಪ್ಪತ್ತಕ್ಕೆ ಗಾಳಿ ತುಂಬಿದೆ, ಅವರ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಜೋಡಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಹಿಂಡಿದರು. ಕತ್ತಿನ ನರಗಳು ಉಬ್ಬಿದವು. ಪಾದರಸ ಎಂಬತ್ತನ್ನು ದಾಟಲಿಲ್ಲ.

“ಎಷ್ಟು ಬಂತು?”

ಪಾದರಸದ ಕೊಳವೆ ನನ್ನ ಕಡೆಗೆ ತಿರುಗಿತ್ತು. ಎಂಬತ್ತು ಎಂದು ಕಾರ್ಡಿನಲ್ಲಿ ಬರೆದೆ, ತಾರೀಖು ಹಾಕಿದೆ, ಹೊತ್ತು ಹಾಕಿದೆ, ಸಹಿ ಮಾಡಿದೆ.

“ನೂರ ಅರವತ್ತಮ್ಮ,” ಎಂದೆ.

ಅವರ ಮುಖದಲ್ಲಿ ಒಂದು ನಗು ಬಂತು. “ಅಂಗಾದ್ರೆ ಅಸ ಕರೀಬೌದು ನಾನೇಯಾ,” ಎಂದು ಸೊಸೆಯ ಕಡೆ ನೋಡಿದರು. ಸೊಸೆ ನನ್ನ ಕೈಯಲ್ಲಿದ್ದ ಕಾರ್ಡನ್ನು ನೋಡಿದಳು. ಅವಳಿಗೆ ಓದಲು ಬರುತ್ತಿತ್ತು.

“ಊಂ ಅತ್ತೆ,” ಎಂದಳು. “ಕರೀಬೌದು.”

ಐದನೇ ದಿನ ಜ್ವರ ಏರಿತು. ಒಂಬತ್ತನೇ ದಿನ ಬೆಳಿಗ್ಗೆ ಹೋಗಿಬಿಟ್ಟರು. ಹಂಗಳದ ಆ ಮನೆಗೆ ನಾನು ಕೊನೆಯ ಸಲ ಹೋದಾಗ ಸೊಸೆ ನನ್ನ ಜೊತೆ ಬಸ್ಸಿನವರೆಗೆ ನಡೆದು ಬಂದಳು. ಅವಳು ಬೈಯಲಿ ಎಂದು ದಾರಿಯುದ್ದಕ್ಕೂ ಕಾದೆ. ಬಸ್ಸು ಕಂಡ ಮೇಲೆ, “ನಂದೇ ತಪ್ಪು ಮೇಡಂ, ಕಾಳು ಆಕ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ,” ಎಂದು ಅತ್ತಳು.

ನಾನು ಬಸ್ಸು ಹತ್ತಿದೆ.